ಸೋಪಿನ ಪೆಟ್ಟಿಗೆಯ ಡೈಲೈನ್: ರಟ್ಟಿನ ದಪ್ಪಕ್ಕೂ ಲೆಕ್ಕವಿದೆ

ಅಂಗಡಿಯಿಂದ ತಂದ ಸೋಪಿನ ಪೆಟ್ಟಿಗೆಯೊಂದರ ಅಂಟನ್ನು ಮೆಲ್ಲಗೆ ಬಿಡಿಸಿ, ರಟ್ಟನ್ನು ಮೇಜಿನ ಮೇಲೆ ಹರಡಿ, ಒಳ್ಳೆಯ ಸ್ಕೇಲಿನಿಂದ ಅಳೆದು ನೋಡಿ. ಎದುರುಬದುರಿನ ಎರಡು ಪಕ್ಕಗಳ ಅಗಲ ಒಂದೇ ಇರಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಅಂಚಿನ ಕಡೆಯ ಪಕ್ಕ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಕಿರಿದಾಗಿರುತ್ತದೆ. ಮುಚ್ಚಳದ ಮಡಿಕೆಯೂ ಅದರ ಅಕ್ಕಪಕ್ಕದ ಕಿವಿಗಳ ಮಡಿಕೆಯೂ ಒಂದೇ ಸಾಲಿನಲ್ಲಿ ಬಂದಿರುವುದಿಲ್ಲ. ಇದು ಯಂತ್ರ ಮಾಡಿದ ತಪ್ಪಲ್ಲ. ಪೆಟ್ಟಿಗೆಯ ನಕ್ಷೆ ಬರೆದವರು ಬೇಕೆಂದೇ ಇಟ್ಟ ವ್ಯತ್ಯಾಸ.

ಈ ನಕ್ಷೆಗೆ ಡೈಲೈನ್ ಎನ್ನುತ್ತಾರೆ. ನಮ್ಮ ಪ್ಯಾಕೇಜಿಂಗ್ ಉದ್ಯಮದಲ್ಲಿ ಕೀ ಲೈನ್ ಡ್ರಾಯಿಂಗ್, ಚಿಕ್ಕದಾಗಿ ಕೆಎಲ್‌ಡಿ ಎಂಬ ಹೆಸರೂ ಬಳಕೆಯಲ್ಲಿದೆ. ಎಲ್ಲಿ ಕತ್ತರಿಸಬೇಕು, ಎಲ್ಲಿ ಮಡಿಸಬೇಕು, ಎಲ್ಲಿ ಅಂಟು ಹಾಕಬೇಕು ಎಂಬುದಷ್ಟನ್ನೇ ಅದು ಹೇಳುತ್ತದೆ. ನೋಡಲು ಶಾಲೆಯ ರೇಖಾಗಣಿತದಲ್ಲಿ ಬರೆದ ಆಯತಘನದ ಜಾಲದಂತೆಯೇ ಇರುತ್ತದೆ. ಶಾಲೆಯ ಜಾಲದಲ್ಲಿ ಕಾಗದಕ್ಕೆ ದಪ್ಪವಿಲ್ಲ, ಕಾರ್ಖಾನೆಯ ರಟ್ಟಿಗೆ ಇದೆ. ಡೈಲೈನ್ ಬರೆಯುವ ಕೆಲಸದ ತಿರುಳು ಈ ಒಂದು ವ್ಯತ್ಯಾಸದಲ್ಲಿದೆ. ಅದನ್ನು ಒಂದು ನಿಜವಾದ ಪೆಟ್ಟಿಗೆಯನ್ನು ಮೊದಲಿನಿಂದ ಕೊನೆಯವರೆಗೆ ಲೆಕ್ಕ ಹಾಕಿಯೇ ನೋಡೋಣ.

ವಸ್ತುವಿನಿಂದ ಗೆರೆಗೆ

ಮನೆಯಲ್ಲೇ ಕೊಬ್ಬರಿ ಎಣ್ಣೆಯ ಸೋಪು ಮಾಡಿ ಮಾರುವವರಿಗೆ ಒಂದು ಪೆಟ್ಟಿಗೆ ಬೇಕಾಗಿದೆ ಎಂದುಕೊಳ್ಳಿ. ಸೋಪಿನ ಅಗಲ 55 ಮಿ.ಮೀ., ದಪ್ಪ 28 ಮಿ.ಮೀ., ಉದ್ದ 80 ಮಿ.ಮೀ. ಕೈಯಲ್ಲಿ ಕತ್ತರಿಸಿದ ಸೋಪುಗಳೆಲ್ಲ ಒಂದೇ ಅಳತೆಯಲ್ಲಿರುವುದಿಲ್ಲ. ಜೊತೆಗೆ ಕತ್ತರಿಸಿದ ಮೇಲೆ ಕೆಲವು ವಾರ ಒಣಗಿಸುವಾಗ ನೀರಿನಂಶ ಹೋಗಿ ಸೋಪು ಸ್ವಲ್ಪ ಕುಗ್ಗುತ್ತದೆ. ಆದ್ದರಿಂದ ಚೆನ್ನಾಗಿ ಒಣಗಿದ ಸೋಪುಗಳನ್ನೇ ತೆಗೆದುಕೊಂಡು, ಹತ್ತಿಪ್ಪತ್ತನ್ನು ಅಳೆದು, ಅವುಗಳಲ್ಲಿ ದೊಡ್ಡದರ ಅಳತೆಯನ್ನು ಲೆಕ್ಕಕ್ಕೆ ಹಿಡಿಯಬೇಕು. ಮೇಲಿನ ಅಳತೆ ಅಂಥ ದೊಡ್ಡ ಸೋಪಿನದು.

ಸೋಪು ಸಲೀಸಾಗಿ ಒಳಗೆ ಜಾರಬೇಕು, ಆದರೆ ಒಳಗೆ ಗಡಗಡ ಎನ್ನಬಾರದು. ಮೂರೂ ದಿಕ್ಕಿಗೆ 1 ಮಿ.ಮೀ. ಸಡಿಲ ಬಿಟ್ಟರೆ ಸಾಕು. ಹಾಗಾಗಿ ಪೆಟ್ಟಿಗೆಯ ಒಳ ಅಳತೆ 56 × 29 × 81 ಮಿ.ಮೀ. ಪೆಟ್ಟಿಗೆಯ ಅಳತೆ ಹೇಳುವಾಗ ಬಾಯಿಯ ಉದ್ದ, ಬಾಯಿಯ ಅಗಲ, ಆಮೇಲೆ ಆಳ ಎಂಬ ಕ್ರಮವಿದೆ. ಈ ಕ್ರಮ ತಪ್ಪಿದರೆ ಬಾಯಿ ಬೇರೆ ಬದಿಯಲ್ಲಿ ತೆರೆಯುವ ಪೆಟ್ಟಿಗೆ ಬಂದೀತು.

ಈಗ ರಟ್ಟಿಗೆ ಬರೋಣ. ಅಂಗಡಿಯಲ್ಲಿ ರಟ್ಟನ್ನು ಜಿಎಸ್‌ಎಂ ಲೆಕ್ಕದಲ್ಲಿ, ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ತೂಕ ಎಂದು ಮಾರುತ್ತಾರೆ. ಡೈಲೈನಿಗೆ ಬೇಕಾದದ್ದು ತೂಕವಲ್ಲ, ದಪ್ಪ. 300 ಜಿಎಸ್‌ಎಂನ ಎರಡು ಬಗೆಯ ಬೋರ್ಡುಗಳು ತೂಕದಲ್ಲಿ ಒಂದೇ ಆದರೂ ದಪ್ಪದಲ್ಲಿ ಬೇರೆಯಾಗಿರಬಹುದು. ಹಾಗಾಗಿ ಮೈಕ್ರೋಮೀಟರಿನಲ್ಲಿ ಅಳೆದೇ ನೋಡಬೇಕು. ನಮ್ಮ ಬೋರ್ಡಿನ ದಪ್ಪ 0.4 ಮಿ.ಮೀ. ಎಂದಿಟ್ಟುಕೊಳ್ಳೋಣ. ಮುಂದಿನ ಲೆಕ್ಕವೆಲ್ಲ ಈ 0.4ರ ಸುತ್ತಲೇ ನಡೆಯುತ್ತದೆ.

ಡೈಲೈನಿನಲ್ಲಿ ಬರೆಯುವ ಮಡಿಕೆಯ ಗೆರೆ ರಟ್ಟಿನ ದಪ್ಪದ ಸುಮಾರು ನಡುಮಧ್ಯದಲ್ಲಿ ನಿಲ್ಲುತ್ತದೆ. ಒಂದು ಬದಿಯ ಒಳ ಅಳತೆ 56 ಆಗಬೇಕಾದರೆ, ಅದರ ಎರಡೂ ತುದಿಯಲ್ಲಿ ಅರ್ಧರ್ಧ ದಪ್ಪ ಸೇರಿಸಬೇಕು. ಅಂದರೆ ಒಂದು ಮಡಿಕೆಯಿಂದ ಇನ್ನೊಂದು ಮಡಿಕೆಗೆ 56.4 ಮಿ.ಮೀ. ಅದನ್ನು 56.5 ಎಂದು ದುಂಡಾಗಿಸೋಣ. ಕಿರಿಯ ಬದಿಯೂ ಹಾಗೆಯೇ 29.5 ಆಗುತ್ತದೆ.

ಅಂಟುಪಟ್ಟಿ ಮತ್ತು ಕಡೆಯ ಪಕ್ಕ

ಮುದ್ರಣದ ಮುಖ ನಮ್ಮ ಕಡೆಗಿರುವಂತೆ ರಟ್ಟನ್ನು ಹರಡಿದ್ದೇವೆ ಎಂದುಕೊಂಡು ಎಡದಿಂದ ಬಲಕ್ಕೆ ಬರೆಯುತ್ತಾ ಹೋಗೋಣ. ಮೊದಲು ಅಂಟುಪಟ್ಟಿ, ಪ್ರೆಸ್ಸಿನವರು ಇದನ್ನು ಪೇಸ್ಟಿಂಗ್ ಫ್ಲಾಪ್ ಎನ್ನುತ್ತಾರೆ. ಅದರ ನಂತರ ಹಿಂಬದಿ 56.5, ಪಕ್ಕ 29.5, ಮುಂಬದಿ 56.5, ಕೊನೆಗೆ ಇನ್ನೊಂದು ಪಕ್ಕ. ಪೆಟ್ಟಿಗೆ ಸುತ್ತಿ ಬಂದಾಗ ಈ ಕೊನೆಯ ಪಕ್ಕ ಅಂಟುಪಟ್ಟಿಯ ಹೊರಮೈಯನ್ನು ಮುಚ್ಚಿಕೊಂಡು ಕೂರುತ್ತದೆ. ಅದರ ಕತ್ತರಿಸಿದ ಅಂಚು ಹಿಂಬದಿಯ ಮೂಲೆಗೆ ಬಂದು ನಿಲ್ಲುತ್ತದೆ. ಅಂಟುಪಟ್ಟಿಯನ್ನು ಹಿಂಬದಿಗೆ ಹೊಂದಿಸಿರುವುದಕ್ಕೆ ಕಾರಣ ಇದೇ. ಕತ್ತರಿಸಿದ ಅಂಚಿನ ಬಿಳಿ ಅಥವಾ ಬೂದು ಗೆರೆ ಮುಂಬದಿಯ ಮೂಲೆಯಲ್ಲಿ ಕಾಣಬಾರದು.

ಕೊನೆಯ ಪಕ್ಕವನ್ನೂ 29.5 ಎಂದೇ ಬರೆದರೆ ಏನಾಗುತ್ತದೆ? ಉಳಿದ ಮೂರು ಬದಿಗಳ ಎರಡೂ ತುದಿ ಮಡಿಕೆಯಲ್ಲಿ ಮುಗಿಯುತ್ತವೆ. ಮಡಿಕೆ ಸ್ವಲ್ಪ ದುಂಡಗಾಗಿ ತಿರುಗುತ್ತದೆ. ಕೊನೆಯ ಪಕ್ಕದ ಒಂದು ತುದಿ ಮಾತ್ರ ಕತ್ತರಿಸಿದ ಅಂಚು. ಅದು ತಿರುಗುವುದಿಲ್ಲ, ನೇರವಾಗಿ ಹೋಗಿ ಮೂಲೆಯಾಚೆ ಇಣುಕುತ್ತದೆ. ಅಂಟಿಸುವಾಗ ಒಂದಿಷ್ಟು ಅತ್ತಿತ್ತ ಆಯಿತೆಂದರೆ ಅಂಚು ಇನ್ನೂ ಹೊರಗೆ ಬಂತು. ಮೂಲೆಯ ಮೇಲೆ ಉಗುರು ಆಡಿಸಿದರೆ ತಡೆಯುತ್ತದೆ. ಇಂಥ ಪೆಟ್ಟಿಗೆಗಳನ್ನು ದೊಡ್ಡ ಪೆಟ್ಟಿಗೆಯಲ್ಲಿ ತುಂಬಿ ಸಾಗಿಸಿದಾಗ ಈ ಅಂಚುಗಳೇ ಉಜ್ಜಿ ಮೊದಲು ಬಣ್ಣ ಕಳೆದುಕೊಳ್ಳುತ್ತವೆ. ಆದ್ದರಿಂದ ಕೊನೆಯ ಪಕ್ಕದಿಂದ ಒಂದು ದಪ್ಪದಷ್ಟು, ಅಂದರೆ ದುಂಡಾಗಿಸಿ 0.5 ಮಿ.ಮೀ. ಕಳೆದು 29 ಎಂದು ಬರೆಯಬೇಕು.

ಈ ಅರ್ಧ ಮಿ.ಮೀ. ಸರಿಯಾಗಿದೆಯೇ ಎಂದು ಕಣ್ಣಾರೆ ನೋಡುವ ಉಪಾಯವಿದೆ. ಕಾರ್ಖಾನೆಯಲ್ಲಿ ಪೆಟ್ಟಿಗೆಯನ್ನು ಚಪ್ಪಟೆಯಾಗಿ ಮಡಿಸಿ ಅಂಟಿಸುತ್ತಾರೆ. ಹಿಂಬದಿ ಒಂದು ಕಡೆಯಿಂದ ಮಡಿದು ಬರುತ್ತದೆ, ಕೊನೆಯ ಪಕ್ಕ ಇನ್ನೊಂದು ಕಡೆಯಿಂದ ಬರುತ್ತದೆ. ಕೆಳಗಿರುವ ಪಕ್ಕ ಮತ್ತು ಮುಂಬದಿಯ ಒಟ್ಟು ಅಗಲ 29.5 + 56.5, ಅಂದರೆ 86 ಮಿ.ಮೀ. ಮೇಲೆ ಬಂದು ಕೂರುವ ಎರಡರದು 56.5 + 29, ಅಂದರೆ 85.5. ಹಾಗಾಗಿ ಚಪ್ಪಟೆ ಪೆಟ್ಟಿಗೆಯಲ್ಲಿ ಕೊನೆಯ ಪಕ್ಕದ ಅಂಚಿಗೂ ಅಂಟುಪಟ್ಟಿಯ ಮಡಿಕೆಗೂ ನಡುವೆ ಅರ್ಧ ಮಿ.ಮೀ. ಸಂದು ಕಾಣಬೇಕು. ಆ ಸಂದು ಮೇಲಿಂದ ಕೆಳಗಿನವರೆಗೆ ಸಮನಾಗಿದ್ದರೆ ಅಂಟು ನೇರವಾಗಿ ಬಿದ್ದಿದೆ. ಒಂದು ತುದಿಯಲ್ಲಿ ಅಗಲ, ಇನ್ನೊಂದರಲ್ಲಿ ಕಿರಿದಾಗಿದ್ದರೆ ಪೆಟ್ಟಿಗೆ ಎದ್ದು ನಿಂತಾಗ ಸೊಟ್ಟಗಾಗುತ್ತದೆ.

ಅಂಟುಪಟ್ಟಿಯ ಅಗಲ 14 ಮಿ.ಮೀ. ಇಡೋಣ. ಇಷ್ಟು ಚಿಕ್ಕ ಪೆಟ್ಟಿಗೆಗೆ 12ರಿಂದ 15 ಸಾಮಾನ್ಯ. ತೀರ ಕಿರಿದಾದರೆ ಅಂಟಿನ ಗೆರೆಗೆ ಜಾಗ ಸಾಲದೆ ಅದು ಹೊರಗೆ ಹರಿದು ಪೆಟ್ಟಿಗೆಯ ಒಳಗಿನ ಗೋಡೆಗಳೇ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಪಟ್ಟಿಯ ಮೇಲಿನ ಮತ್ತು ಕೆಳಗಿನ ತುದಿಗಳನ್ನು ಸುಮಾರು 15 ಡಿಗ್ರಿ ಓರೆಯಾಗಿ ಕತ್ತರಿಸಬೇಕು, ಇಲ್ಲದಿದ್ದರೆ ಅವು ಕಿವಿಗಳು ಮಡಿಯುವ ಜಾಗಕ್ಕೆ ಅಡ್ಡ ಬರುತ್ತವೆ. ಈ ಪಟ್ಟಿಯ ಮೇಲೆ ವಾರ್ನಿಶ್ ಆಗಲಿ ಲ್ಯಾಮಿನೇಶನ್ ಆಗಲಿ ಇರಬಾರದು. ಸಾಮಾನ್ಯವಾಗಿ ಬಳಸುವ ನೀರು ಆಧಾರಿತ ಅಂಟು ರಟ್ಟಿನ ನಾರಿನೊಳಗೆ ಇಳಿದು ಹಿಡಿದುಕೊಳ್ಳುತ್ತದೆ. ನುಣುಪಾದ ಪೊರೆ ನಡುವೆ ಬಂದರೆ ಅದು ಇಳಿಯುವುದಿಲ್ಲ, ಕೆಲವು ದಿನಗಳಲ್ಲಿ ಜಂಟಿ ಚಟ್ಟನೆ ಬಿಟ್ಟುಕೊಳ್ಳುತ್ತದೆ. ಹಿಂಬದಿಯ ಬಣ್ಣವನ್ನು ಮಾತ್ರ ಮಡಿಕೆ ದಾಟಿಸಿ 2–3 ಮಿ.ಮೀ. ಪಟ್ಟಿಯ ಮೇಲೂ ಬರುವಂತೆ ಬಿಡಬೇಕು, ಆಗ ಆ ಸಂದಿನಲ್ಲಿ ಬರಿಯ ರಟ್ಟು ಕಾಣದು.

ಅಡ್ಡಲಾಗಿ ಎಲ್ಲ ಕೂಡಿದರೆ 14 + 56.5 + 29.5 + 56.5 + 29, ಒಟ್ಟು 185.5 ಮಿ.ಮೀ.

ಮುಚ್ಚಳ, ನಾಲಿಗೆ, ಕಿವಿ

ಈಗ ಎತ್ತರ. ಮುಚ್ಚಳ ಮುಚ್ಚುವ ಮೊದಲು ಎರಡು ಪಕ್ಕಗಳಿಂದ ಎರಡು ಪುಟ್ಟ ಕಿವಿಗಳು ಒಳಗೆ ಮಡಿಯುತ್ತವೆ. ಇವು ಡಸ್ಟ್ ಫ್ಲಾಪ್‌ಗಳು. ಮುಚ್ಚಳ ಇವುಗಳ ಮೇಲೆ ಕೂರುತ್ತದೆ. ಅಂದರೆ ಮೇಲೊಂದು, ಕೆಳಗೊಂದು ರಟ್ಟಿನ ಪದರ ಸೋಪಿನ ಜಾಗವನ್ನು ತಿನ್ನುತ್ತದೆ. ಒಳಗೆ 81 ಮಿ.ಮೀ. ನಿಜವಾಗಿ ಉಳಿಯಬೇಕಾದರೆ 81ಕ್ಕೆ ಮಡಿಕೆಯ 0.4, ಎರಡು ಕಿವಿಗಳ 0.8 ಸೇರಿಸಿ 82.2 ಬೇಕು. ದುಂಡಾಗಿಸಿ 82.5. ಇದು ಮುಚ್ಚಳಗಳು ಹುಟ್ಟುವ ಮುಂಬದಿ, ಹಿಂಬದಿಗಳ ಎತ್ತರ. ಕಿವಿಗಳು ಹುಟ್ಟುವ ಪಕ್ಕಗಳಲ್ಲಿ ಮಡಿಕೆ ಮೇಲೂ ಕೆಳಗೂ ಅರ್ಧರ್ಧ ಮಿ.ಮೀ. ಒಳಗೆ ಸರಿಯಬೇಕು, ಅಂದರೆ ಅವುಗಳ ಎತ್ತರ 81.5. ಎಲ್ಲವನ್ನೂ ಒಂದೇ ಸಾಲಿನಲ್ಲಿ ಬರೆದರೆ ಕಿವಿಗಳು ಮುಚ್ಚಳದ ಮಟ್ಟದಲ್ಲೇ ಮಡಿಯುತ್ತವೆ, ಅದರ ಮೇಲೆ ಮುಚ್ಚಳ ಉಬ್ಬಿಕೊಂಡು ಕೂರುತ್ತದೆ.

ಮುಚ್ಚಳದ ತುದಿಯಲ್ಲಿರುವ ನಾಲಿಗೆ ಎದುರು ಗೋಡೆಯ ಒಳಮೈಗೆ ಜಾರುತ್ತದೆ. ಆದ್ದರಿಂದ ನಾಲಿಗೆಯ ಮಡಿಕೆ ಆ ಗೋಡೆಯ ದಪ್ಪವನ್ನು ಬಿಟ್ಟು ಒಳಗೆ ಬರಬೇಕು. ಪಕ್ಕದ ಅಗಲ 29.5, ಎದುರು ಗೋಡೆಯ ಅರ್ಧ, ನಾಲಿಗೆಯ ಅರ್ಧ ದಪ್ಪ ಕಳೆದು ಮುಚ್ಚಳದ ಆಳ 29 ಮಿ.ಮೀ. ಅಗಲದಲ್ಲಿಯೂ ಎರಡೂ ಕಡೆ ಅರ್ಧರ್ಧ ಬಿಟ್ಟು 55.5. ನಾಲಿಗೆಯ ಉದ್ದ 15 ಮಿ.ಮೀ., ಅದರ ಎರಡೂ ಮೂಲೆ ದುಂಡಗೆ. ಮೂಲೆ ಚೂಪಾಗಿದ್ದರೆ ಪ್ರತಿ ಸಲ ಮುಚ್ಚುವಾಗಲೂ ಅದು ಗೋಡೆಯ ಅಂಚಿಗೆ ತಗಲುತ್ತದೆ.

ಬರೀ ಘರ್ಷಣೆಯನ್ನು ನಂಬಿದರೆ ಸೋಪಿನ ತೂಕಕ್ಕೆ ತಳದ ಮುಚ್ಚಳ ಬಿಚ್ಚಿಕೊಳ್ಳಬಹುದು. ಅದಕ್ಕೆ ಒಂದು ಸಣ್ಣ ಬೀಗವಿದೆ. ಮುಚ್ಚಳ ಮತ್ತು ನಾಲಿಗೆಯ ನಡುವಿನ ಮಡಿಕೆಯ ಎರಡೂ ತುದಿಯಲ್ಲಿ ಸುಮಾರು 6 ಮಿ.ಮೀ. ಉದ್ದಕ್ಕೆ ಮಡಿಸುವ ಬದಲು ಕತ್ತರಿಸಿಬಿಡುತ್ತಾರೆ. ಕಿವಿಯ ಬುಡದಲ್ಲಿ ಒಂದು ಭುಜವನ್ನು 5 ಮಿ.ಮೀ.ನಷ್ಟು ಪೂರ್ತಿ ಅಗಲ ಬಿಟ್ಟು, ಅಲ್ಲಿಂದ ಮುಂದೆ ಕಿರಿದಾಗಿಸುತ್ತಾರೆ. ನಾಲಿಗೆ ಒಳಗೆ ಇಳಿದಾಗ ಆ ಭುಜ ಸೀಳಿನೊಳಗೆ ಚಿಮ್ಮಿ ಕೂತು ಮುಚ್ಚಳ ಹಿಂದೆ ಬರದಂತೆ ಹಿಡಿಯುತ್ತದೆ. ಸರಿಯಾಗಿ ಕೂತಾಗ ಬೆರಳಿಗೆ ಟಕ್ ಎಂಬ ಅನುಭವ ಆಗುತ್ತದೆ. ಕಿವಿಯ ಉದ್ದಕ್ಕೆ 22 ಮಿ.ಮೀ. ಸಾಕು. ಬಾಯಿಯ ಉದ್ದದ ಅರ್ಧಕ್ಕಿಂತ, ಅಂದರೆ 28ಕ್ಕಿಂತ, ಹೆಚ್ಚಾದರೆ ಎರಡು ಕಿವಿಗಳು ಒಂದರ ಮೇಲೊಂದು ಏರಿ ಮತ್ತೆ ಮುಚ್ಚಳ ಉಬ್ಬುತ್ತದೆ.

ಭುಜ ಯಾವ ಕಡೆಗಿರಬೇಕು ಎಂಬಲ್ಲಿ ಹೊಸಬರು ಸಾಮಾನ್ಯವಾಗಿ ಎಡವುತ್ತಾರೆ. ನಾಲಿಗೆ ಎಲ್ಲಿ ಇಳಿಯುತ್ತದೋ ಆ ಕಡೆ ಭುಜ, ಮುಚ್ಚಳ ಎಲ್ಲಿ ಹುಟ್ಟುತ್ತದೋ ಆ ಕಡೆ ಓರೆ. ನಮ್ಮದು ರಿವರ್ಸ್ ಟಕ್ ಪೆಟ್ಟಿಗೆ. ಮೇಲಿನ ಮುಚ್ಚಳ ಹಿಂಬದಿಯಿಂದ ಹುಟ್ಟಿ ಮುಂಬದಿಗೆ ಇಳಿಯುತ್ತದೆ, ಕೆಳಗಿನದು ಮುಂಬದಿಯಿಂದ ಹುಟ್ಟಿ ಹಿಂಬದಿಗೆ. ಹಾಗಾಗಿ ಮೇಲಿನ ಕಿವಿಗಳ ಭುಜ ಮುಂಬದಿಯತ್ತ, ಕೆಳಗಿನ ಕಿವಿಗಳ ಭುಜ ಹಿಂಬದಿಯತ್ತ ಇರಬೇಕು. ಮೇಲಿನ ಕಿವಿಯನ್ನು ಕಾಪಿ ಮಾಡಿ ಕನ್ನಡಿಯ ಬಿಂಬದಂತೆ ಕೆಳಕ್ಕೆ ತಿರುವಿದರೆ ಭುಜ ಅದೇ ಕಡೆ ಉಳಿದು, ತಳದ ಬೀಗ ಹಿಡಿಯುವುದಿಲ್ಲ. ಅದನ್ನು 180 ಡಿಗ್ರಿ ಸುತ್ತಿಸಿ ಇಡಬೇಕು. ಎರಡೂ ಮುಚ್ಚಳ ಮುಂಬದಿಯಿಂದಲೇ ಹುಟ್ಟುವ ಸ್ಟ್ರೇಟ್ ಟಕ್ ಪೆಟ್ಟಿಗೆಯಲ್ಲಾದರೆ ಕನ್ನಡಿ ಬಿಂಬವೇ ಸರಿ. ಅದರಲ್ಲಿ ಮುಂಬದಿಯ ಅಂಚುಗಳ ನೋಟ ಅಚ್ಚುಕಟ್ಟು. ರಿವರ್ಸ್ ಟಕ್‌ನಲ್ಲಿ ದೊಡ್ಡ ಹಾಳೆಯ ಮೇಲೆ ಒಂದರ ಮುಚ್ಚಳದ ಪಕ್ಕದ ಖಾಲಿ ಜಾಗಕ್ಕೆ ಇನ್ನೊಂದರ ಮುಚ್ಚಳ ಹೊಂದಿ ಕೂರುವುದರಿಂದ ರಟ್ಟು ಉಳಿಯುತ್ತದೆ.

ಉದ್ದಕ್ಕೆ ಕೂಡಿದರೆ 82.5ಕ್ಕೆ ಎರಡು ಮುಚ್ಚಳದ 58, ಎರಡು ನಾಲಿಗೆಯ 30 ಸೇರಿ 170.5 ಮಿ.ಮೀ. ನಮ್ಮ ಪೆಟ್ಟಿಗೆಯ ಬಿಚ್ಚಿದ ಅಳತೆ 185.5 × 170.5.

ಮಡಿಕೆಯ ಒಳಗೆ ನಡೆಯುವುದು

ನಕ್ಷೆಯಲ್ಲಿ ಒಂದು ಗೆರೆಯಾಗಿ ಕಾಣುವ ಮಡಿಕೆ ರಟ್ಟಿನಲ್ಲಿ ಗೆರೆಯಾಗಿ ಉಳಿಯುವುದಿಲ್ಲ. ರಟ್ಟನ್ನು ಸುಮ್ಮನೆ ಮಡಿಸಿದರೆ ಹೊರಮೈ ಹಿಗ್ಗಬೇಕು, ಒಳಮೈ ಕುಗ್ಗಬೇಕು. ಕಾಗದದ ನಾರು ಅಷ್ಟು ಹಿಗ್ಗದು, ಹೊರಗಿನ ಬಣ್ಣದ ಪದರ ಬಿರಿಯುತ್ತದೆ. ಇದನ್ನು ತಪ್ಪಿಸಲು ಮಡಿಸುವ ಮೊದಲೇ ರಟ್ಟಿನ ಒಳಪದರಗಳ ಹಿಡಿತವನ್ನು ಆ ಜಾಗದಲ್ಲಿ ಮಾತ್ರ ಸಡಿಲಿಸುತ್ತಾರೆ. ಮುದ್ರಣದ ಕಡೆಯಿಂದ ದುಂಡು ಅಂಚಿನ ಉಕ್ಕಿನ ಪಟ್ಟಿ ರಟ್ಟನ್ನು ಕೆಳಗಿನ ಸಣ್ಣ ಕಾಲುವೆಯೊಳಗೆ ಒತ್ತುತ್ತದೆ. ಪದರಗಳು ಒಂದರಿಂದೊಂದು ಬಿಡಿಸಿಕೊಳ್ಳುತ್ತವೆ, ಹಿಂದಿನ ಮುಖದಲ್ಲಿ ಸಣ್ಣದೊಂದು ಏಣು ಏಳುತ್ತದೆ. ನೋಟ್‌ಬುಕ್ಕನ್ನು ಬಗ್ಗಿಸಿದಾಗ ಹಾಳೆಗಳು ಒಂದರ ಮೇಲೊಂದು ಜಾರುವಂತೆ ಈ ಬಿಡಿ ಪದರಗಳು ಜಾರಿ, ಒಳಗಡೆ ಉಬ್ಬಿಕೊಂಡು, ಹೊರಮೈಯ ಮೇಲಿನ ಎಳೆತವನ್ನು ತಗ್ಗಿಸುತ್ತವೆ. ಹಾಗಾಗಿ ಏಣು ಯಾವಾಗಲೂ ಪೆಟ್ಟಿಗೆಯ ಒಳಗೆ, ತಗ್ಗು ಹೊರಗೆ. ಇದರ ವಿರುದ್ಧ ಮಡಿಸಿದರೆ ಮಡಿಕೆ ಬಿರಿಯುತ್ತದೆ.

ಕಾಲುವೆಯ ಅಗಲಕ್ಕೆ ಒಂದು ಬಳಕೆಯ ಸೂತ್ರವಿದೆ: ದಪ್ಪದ ಒಂದೂವರೆ ಪಟ್ಟು, ಜೊತೆಗೆ ಪಟ್ಟಿಯ ಅಗಲ. ಸಾಮಾನ್ಯವಾದ 2 ಪಾಯಿಂಟ್ ಪಟ್ಟಿಯ ಅಗಲ 0.71 ಮಿ.ಮೀ. ನಮ್ಮ ರಟ್ಟಿಗೆ 0.6 + 0.71, ಸುಮಾರು 1.3 ಮಿ.ಮೀ. ಕಾಲುವೆ ಕಿರಿದಾದರೆ ರಟ್ಟು ಮಡಿಕೆಯಲ್ಲೇ ಹರಿಯುತ್ತದೆ, ಅಗಲವಾದರೆ ಮಡಿಕೆ ಅತ್ತಿತ್ತ ಅಲೆಯುತ್ತದೆ, ಆಗ ನಾವು ಎಣಿಸಿಟ್ಟ ಅರ್ಧ ಮಿ.ಮೀ.ಗಳಿಗೆ ಅರ್ಥ ಉಳಿಯುವುದಿಲ್ಲ.

ಕತ್ತರಿಸುವುದು, ಮಡಿಕೆ ಒತ್ತುವುದು ಎರಡೂ ಒಂದೇ ಏಟಿಗೆ ಆಗುತ್ತವೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಕಾಗದದ ಚೀಲ ಮಾಡುತ್ತಿದ್ದ ರಾಬರ್ಟ್ ಗೇರ್ 1879ರ ಹೊತ್ತಿಗೆ ಇದನ್ನು ಕಂಡುಕೊಂಡರು. ಮಡಿಕೆ ಒತ್ತಬೇಕಾಗಿದ್ದ ಲೋಹದ ಪಟ್ಟಿಯೊಂದು ಜರುಗಿ ಬೀಜದ ಚೀಲಗಳನ್ನು ಕತ್ತರಿಸಿಬಿಟ್ಟಿತ್ತು. ಪಟ್ಟಿಗಳ ಎತ್ತರ ಬೇರೆ ಬೇರೆ ಇಟ್ಟರೆ ಕೆಲವು ಕತ್ತರಿಸುತ್ತವೆ, ಕೆಲವು ಒತ್ತುತ್ತವೆ ಎಂದು ಅವರಿಗೆ ಅದರಿಂದ ಹೊಳೆಯಿತು. ಇಂದಿನ ಡೈ ಕೂಡ ಹಾಗೆಯೇ ಇದೆ. ಪ್ಲೈವುಡ್ಡಿನಲ್ಲಿ ಲೇಸರಿನಿಂದ ಸೀಳು ಕೊರೆದು ಉಕ್ಕಿನ ಪಟ್ಟಿಗಳನ್ನು ಕೂರಿಸುತ್ತಾರೆ. ಕತ್ತರಿಸುವ ಪಟ್ಟಿಯ ಎತ್ತರ ಸಾಮಾನ್ಯವಾಗಿ 23.8 ಮಿ.ಮೀ., ಒತ್ತುವ ಪಟ್ಟಿ ಅದಕ್ಕಿಂತ ಸುಮಾರು ರಟ್ಟಿನ ದಪ್ಪದಷ್ಟು ಗಿಡ್ಡ. ನಕ್ಷೆಯಲ್ಲಿ ಕತ್ತರಿಯ ಗೆರೆಗೂ ಮಡಿಕೆಯ ಗೆರೆಗೂ ಬೇರೆ ಬಣ್ಣ ಕೊಡುವುದು ಇದಕ್ಕಾಗಿ. ಡೈ ಮಾಡುವವರು ಆ ಬಣ್ಣ ನೋಡಿಯೇ ಯಾವ ಪಟ್ಟಿ ಕೂರಿಸಬೇಕೆಂದು ತಿಳಿಯುತ್ತಾರೆ.

ನಕ್ಷೆಯ ಮೇಲೆ ಒಂದು ಬಾಣದ ಗುರುತೂ ಬೇಕು. ರಟ್ಟು ತಯಾರಾಗುವಾಗ ನಾರುಗಳು ಹೆಚ್ಚಾಗಿ ಯಂತ್ರ ಓಡುವ ದಿಕ್ಕಿಗೆ ಮಲಗುತ್ತವೆ. ಆ ದಿಕ್ಕಿನಲ್ಲಿ ರಟ್ಟಿನ ಬಿಗುವು ಅಡ್ಡ ದಿಕ್ಕಿಗಿಂತ ಸುಮಾರು ಎರಡು ಪಟ್ಟು. ಪೆಟ್ಟಿಗೆಯ ಗೋಡೆಗಳು ಹೊರಕ್ಕೆ ಉಬ್ಬದಿರಬೇಕಾದರೆ ನಾರು ಪೆಟ್ಟಿಗೆಯ ಸುತ್ತ, ನಿಂತ ಮಡಿಕೆಗಳಿಗೆ ಅಡ್ಡವಾಗಿ ಸಾಗಬೇಕು. ನಮ್ಮ ನಕ್ಷೆಯಲ್ಲಿ ಅದು 185.5ರ ದಿಕ್ಕು. ದಿಕ್ಕು ಗೊತ್ತಿಲ್ಲದ ಹಾಳೆಯಿಂದ ಒಂದೇ ಅಳತೆಯ ಎರಡು ಪಟ್ಟಿಗಳನ್ನು ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ ಕತ್ತರಿಸಿ, ತುದಿ ಹಿಡಿದು ಮುಂಚಾಚಿದರೆ ಸಾಕು. ಕಡಿಮೆ ಬಾಗುವ ಪಟ್ಟಿಯ ಉದ್ದವೇ ನಾರಿನ ದಿಕ್ಕು.

ಬಿಳಿ ಮಾದರಿ

ಡೈ ಮಾಡಿಸುವ ಮೊದಲು ಅದೇ ರಟ್ಟಿನಲ್ಲಿ ಮುದ್ರಣವಿಲ್ಲದ ಬಿಳಿ ಮಾದರಿಯನ್ನು ಕತ್ತರಿಸಿ ಮಡಿಸಿ ನೋಡಬೇಕು. ನಕ್ಷೆಯ ಪಕ್ಕದಲ್ಲಿ ನೂರು ಮಿ.ಮೀ. ಉದ್ದದ ಒಂದು ಗೆರೆ ಹಾಕಿ, ಪ್ರಿಂಟ್ ಬಂದ ಮೇಲೆ ಅದನ್ನು ಅಳೆಯುವುದು ಮೊದಲ ಕೆಲಸ. ಪ್ರಿಂಟರ್ ಹಾಳೆಗೆ ಹೊಂದಿಸಲು ನಕ್ಷೆಯನ್ನು ಶೇಕಡಾ ಮೂರು ಕುಗ್ಗಿಸಿದರೂ 56.5 ಎಂಬುದು 55ಕ್ಕೆ ಇಳಿದು ಸೋಪು ಒಳಗೆ ಹೋಗದು. ಗೆರೆ ಸರಿಯಿದ್ದರೆ ಸೋಪು ಹಾಕಿ ಎರಡೂ ಕಡೆ ಮುಚ್ಚಿ, ತಳ ಕೆಳಗೆ ಮಾಡಿ ಅಲುಗಿಸಬೇಕು. ತಳ ಬಿಚ್ಚಿದರೆ ಭುಜದ ದಿಕ್ಕನ್ನೂ ಸೀಳಿನ ಉದ್ದವನ್ನೂ ನೋಡಬೇಕು. ಮುಚ್ಚಳ ಉಬ್ಬಿದರೆ ಕಿವಿಯ ಮಡಿಕೆಯನ್ನು, ಮೂಲೆಯಲ್ಲಿ ಉಗುರು ತಡೆದರೆ ಕೊನೆಯ ಪಕ್ಕವನ್ನು.

ಒಮ್ಮೆ ಸರಿಹೋದ ಡೈಲೈನ್ ಆ ಸೋಪಿಗೆ ಶಾಶ್ವತ ಎಂದುಕೊಳ್ಳುವುದೂ ತಪ್ಪು. ಅಂಚೆಯಲ್ಲಿ ಕಳಿಸಲು ಗಟ್ಟಿಯಾಗಿರಲಿ ಎಂದು ಅದೇ ಪೆಟ್ಟಿಗೆಯನ್ನು 1.5 ಮಿ.ಮೀ. ದಪ್ಪದ ಸುಕ್ಕುರಟ್ಟಿನಲ್ಲಿ ಮಾಡಲು ಹೊರಟರೆ ಬದಿಗಳು 57.5 ಮತ್ತು 30.5 ಆಗುತ್ತವೆ. ಕೊನೆಯ ಪಕ್ಕದಿಂದ ಅರ್ಧದ ಬದಲು ಒಂದೂವರೆ ಮಿ.ಮೀ. ಕಳೆಯಬೇಕು. ಎತ್ತರಕ್ಕೆ ಮಡಿಕೆಯ 1.5, ಕಿವಿಗಳ 3 ಸೇರಿ 82.5 ಇದ್ದದ್ದು 85.5ಕ್ಕೆ ಏರುತ್ತದೆ. ಹಳೆಯ ನಕ್ಷೆಯಲ್ಲೇ ಕತ್ತರಿಸಿದರೆ ಎತ್ತರದಲ್ಲಿ ಒಳಗೆ 78 ಮಿ.ಮೀ. ಮಾತ್ರ ಉಳಿದು, 80ರ ಸೋಪಿನ ಮೇಲೆ ಮುಚ್ಚಳ ಮುಚ್ಚುವುದೇ ಇಲ್ಲ. ಸೋಪು ಅದೇ ಆಗಿದ್ದರೂ ರಟ್ಟು ಬದಲಾದ ದಿನ ಮೈಕ್ರೋಮೀಟರ್ ಹಿಡಿದು ಲೆಕ್ಕವನ್ನು ಮೊದಲಿನಿಂದ ಮಾಡಬೇಕು.